590 ಎಲೆಯ ಲೆಕ್ಕ: ಮೂರನೇ ಪಂಕ್ತಿಗೆ ಅನ್ನ ಸಾಲದೆ ಹೋದದ್ದೇಕೆ

ಹಾಸನ ಜಿಲ್ಲೆಯ ಒಂದು ತಾಲೂಕು ಕೇಂದ್ರದ ಕಲ್ಯಾಣ ಮಂಟಪದಲ್ಲಿ ಮೇ ತಿಂಗಳ ಒಂದು ಭಾನುವಾರ ನಡೆದ ಮುಹೂರ್ತದ ಊಟದ ಪ್ರಕರಣ ಇದು. ಅಡುಗೆ ಗುತ್ತಿಗೆಯ ತಂಡದಲ್ಲಿ ನನ್ನ ಕೆಲಸ ಉಗ್ರಾಣದ್ದು. ಸಾಮಾನು ಪಟ್ಟಿ ಬರೆಯುವುದು, ತರಿಸುವುದು, ತೂಗಿ ಕೊಡುವುದು ಮತ್ತು ಬಡಿಸುವವರನ್ನು ಸಾಲುಗಳಿಗೆ ಹಂಚುವುದು ನನ್ನ ಹೊಣೆ. ಅಂದು ಅಕ್ಕಿಯ ಲೆಕ್ಕ ಸರಿಯಿತ್ತು, ಬಂದ ಜನರೂ ಅಂದಾಜಿಗಿಂತ ಹೆಚ್ಚೇನೂ ಆಗಿರಲಿಲ್ಲ. ಹಾಗಿದ್ದೂ ಮೂರನೇ ಪಂಕ್ತಿಯ ಹೊತ್ತಿಗೆ ಅನ್ನ ಸಾಲದೆ ಹೋಯಿತು. ಅದು ಏಕಾಯಿತು ಎಂಬುದನ್ನು ಅಂಕಿಗಳ ಸಹಿತ ದಾಖಲಿಸುತ್ತಿದ್ದೇನೆ.

ಮನೆಯವರು ಮಾತುಕತೆಗೆ ಬಂದಾಗ ಹೇಳಿದ್ದು ಒಂದೇ ಅಂಕಿ: “350 ಕಾರ್ಡು ಹಂಚಿದ್ದೀವಿ, ಒಂದು ಆರುನೂರು ಎಲೆ ಆಗಬಹುದು.” ಆರುನೂರು ಎಂಬುದು ಕಾರ್ಡಿನ ಲೆಕ್ಕದಿಂದ ಬಂದದ್ದೋ, ಮಂಟಪದ ಅಳತೆಯಿಂದ ಬಂದದ್ದೋ, ಅಣ್ಣನ ಮಗಳ ಮದುವೆಯ ನೆನಪಿನಿಂದ ಬಂದದ್ದೋ ತಿಳಿಯದೆ ಪಟ್ಟಿ ಬರೆಯಲು ನನ್ನ ಕೈ ಓಡುವುದಿಲ್ಲ. ಆದ್ದರಿಂದ ಕಾರ್ಡುಗಳನ್ನು ಮೂರು ಗುಂಪು ಮಾಡಿಸಿದೆ. ಹತ್ತಿರದ ಬಂಧುಗಳ 70 ಕಾರ್ಡುಗಳಿಗೆ ಹೆಸರು ಹಿಡಿದು ತಲೆ ಎಣಿಸಿದಾಗ 210 ಜನ ಸಿಕ್ಕರು. ಇವರು ಹಿಂದಿನ ಸಂಜೆಯ ಆರತಕ್ಷತೆಗೂ ಇರುತ್ತಾರೆ, ಮುಹೂರ್ತಕ್ಕೂ ಇರುತ್ತಾರೆ. ಊರೊಳಗಿನ ಪರಿಚಿತರ ಕಾರ್ಡು 180. ಕಾರ್ಡಿಗೆ ಇಬ್ಬರಂತೆ 360 ಜನ. ಆದರೆ ಊರಿನವರಲ್ಲಿ ಹೆಚ್ಚಿನವರು ಆರತಕ್ಷತೆಗೆ ಬಂದು ಉಡುಗೊರೆ ಕೊಟ್ಟು, ಉಂಡು ಹೋಗುತ್ತಾರೆ. ಮರುದಿನ ಮತ್ತೆ ಬರುವವರು ಕಡಿಮೆ. ಹತ್ತರಲ್ಲಿ ನಾಲ್ವರು ಮುಹೂರ್ತಕ್ಕೆ ಎಂದು ಹಿಡಿದರೆ 144 ಜನ. ಸುತ್ತಲಿನ ಹಳ್ಳಿಗಳ ಕಾರ್ಡು 100. ರಾತ್ರಿ ಹಿಂದಿರುಗಲು ಬಸ್ಸಿಲ್ಲದ ಕಾರಣ ಇವರ ಕ್ರಮ ತಿರುವುಮುರುವು: ಆರತಕ್ಷತೆಗೆ ಬರುವುದಿಲ್ಲ, ಹಗಲಿನ ಊಟಕ್ಕೆ ಬರುತ್ತಾರೆ, ಮನೆಗೆ ಇಬ್ಬರು ಮೂವರು ಬರುತ್ತಾರೆ. ಎಲ್ಲ ಮನೆಗಳಿಂದಲೂ ಬರಲಾರರು ಎಂದು ಇವರನ್ನು 190 ಎಂದು ಹಿಡಿದೆ.

ಇಲ್ಲಿಗೆ 544 ಆಯಿತು. ಇದಕ್ಕೆ ಪುರೋಹಿತರು, ವಾದ್ಯದವರು, ಫೋಟೋದವರು, ಹೂವಿನ ಅಲಂಕಾರದವರು, ವಾಹನ ಚಾಲಕರು, ಮಂಟಪದ ಕೆಲಸದವರು ಮತ್ತು ನಮ್ಮ ತಂಡದವರು ಸೇರಿ 46 ಜನರನ್ನು ಕೂಡಿಸಿದೆ. ಮನೆಯವರ ಯಾವ ಅಂದಾಜಿನಲ್ಲೂ ಇವರು ಇರುವುದಿಲ್ಲ. ಕೊನೆಯ ಪಂಕ್ತಿಯಲ್ಲಿ ಹಸಿದು ಕೂರುವವರು ಇವರೇ ಆದ್ದರಿಂದ ಲೆಕ್ಕ ತಪ್ಪಿದರೆ ಅದರ ಪೆಟ್ಟು ಮೊದಲು ಬೀಳುವುದೂ ಇವರಿಗೇ. ಒಟ್ಟು 590 ಎಲೆ. ಇವರಲ್ಲಿ ಎಂಟು ವರ್ಷದೊಳಗಿನ ಮಕ್ಕಳು ಸುಮಾರು 60. ಮಗುವಿಗೂ ಒಂದು ಎಲೆ ಬೇಕು, ಒಂದು ಕುರ್ಚಿ ಬೇಕು, ಒಂದು ಒಬ್ಬಟ್ಟು ಬೇಕು. ಆದರೆ ಅನ್ನ ಅರ್ಧ ಸಾಕು. ಆದ್ದರಿಂದ ನನ್ನ ಪಟ್ಟಿಯ ತಲೆಯ ಮೇಲೆ ಎರಡು ಅಂಕಿ ಇರುತ್ತವೆ: ಎಲೆ, ಆಸನ, ಸಿಹಿಗಳಿಗೆ 590, ಅನ್ನ, ಬೇಳೆ, ತರಕಾರಿಗಳಿಗೆ 560.

ಅಕ್ಕಿಯನ್ನು ತಲೆಗೆ 120 ಗ್ರಾಂನಂತೆ ಹಿಡಿದೆವು. ಇದರಲ್ಲಿ 30 ಗ್ರಾಂ ವಾಂಗೀಬಾತಿಗೆ, 90 ಗ್ರಾಂ ಬಿಳಿ ಅನ್ನಕ್ಕೆ. ತೊವ್ವೆ, ಹುಳಿ, ಸಾರು, ಮೊಸರು ಈ ನಾಲ್ಕಕ್ಕೂ ಸೇರಿದ ಬಿಳಿ ಅನ್ನ ಇಷ್ಟೇ. ಹಳೆಯ ಮೈಸೂರು ಕಡೆಯ ಬಾಳೆಎಲೆ ಊಟದಲ್ಲಿ ಬಾತು, ಒಬ್ಬಟ್ಟು, ಪಾಯಸ ಇದ್ದರೆ ಇದು ಸಾಕಾಗುತ್ತದೆ. ಅವು ಇಲ್ಲದ ಸಾದಾ ಊಟಕ್ಕೆ ಇದು ಸಾಲದು, ಕರಾವಳಿಯ ಕುಚ್ಚಲಕ್ಕಿ ಊಟಕ್ಕೂ ಇದೇ ಅಳತೆ ಹೊಂದುವುದಿಲ್ಲ. 560 ಜನಕ್ಕೆ ಬಿಳಿ ಅನ್ನದ ಅಕ್ಕಿ 50 ಕಿಲೋ, ಬಾತಿಗೆ 17 ಕಿಲೋ. 25 ಕಿಲೋದ ಮೂರು ಚೀಲ ತರಿಸಿದಾಗ 8 ಕಿಲೋ ಬೇಯಿಸದ ಅಕ್ಕಿ ಉಗ್ರಾಣದಲ್ಲಿ ಉಳಿಯಿತು. ಅದೇ ನಮ್ಮ ಆಪತ್ತಿನ ದಾಸ್ತಾನು.

ನಾವು ತಂದದ್ದು ಹಳೆಯ ಸೋನಾ ಮಸೂರಿ. ಚೆನ್ನಾಗಿ ನೀರು ಕುಡಿಯುವ ಈ ಅಕ್ಕಿಯ ಒಂದು ಕಿಲೋಗೆ ಸುಮಾರು 2.75 ಕಿಲೋ ಅನ್ನವಾಗುತ್ತದೆ. 50 ಕಿಲೋಗೆ ಹತ್ತಿರ ಹತ್ತಿರ 140 ಕಿಲೋ ಅನ್ನ, ಅಂದರೆ ಒಬ್ಬರಿಗೆ ಕಾಲು ಕಿಲೋ. ಹೊಸ ಅಕ್ಕಿಯಾಗಿದ್ದರೆ ಅಷ್ಟು ಅರಳದೆ ಮುದ್ದೆಯಾಗುತ್ತಿತ್ತು. ಆದ್ದರಿಂದ ಚೀಲ ಬಿಚ್ಚಿದ ದಿನವೇ ಒಂದು ಪಾವು ಬೇಯಿಸಿ ನೋಡುವುದು ನಮ್ಮ ಪದ್ಧತಿ. ಇಡೀ 50 ಕಿಲೋವನ್ನು ಒಂದೇ ಸಲ ಬೇಯಿಸುವುದಿಲ್ಲ. ಮೇ ತಿಂಗಳ ಸೆಕೆಯಲ್ಲಿ ಹನ್ನೊಂದಕ್ಕೆ ಇಳಿಸಿದ ಅನ್ನವನ್ನು ಮೂರು ಗಂಟೆಯವರೆಗೆ ಬುಟ್ಟಿಯಲ್ಲಿ ಮುಚ್ಚಿಟ್ಟರೆ ಅದು ಬೆವರುತ್ತದೆ, ಅಂಟುತ್ತದೆ, ಹಳಸುವ ಅಪಾಯವೂ ಇದೆ. ಆ ಮಂಟಪದ ಊಟದ ಮನೆಯಲ್ಲಿ ಐವತ್ತು ಎಲೆಯ ನಾಲ್ಕು ಸಾಲುಗಳಿದ್ದವು. 590 ಎಲೆಗೆ ಮೂರು ಪಂಕ್ತಿ. ಅದಕ್ಕೆ ಸರಿಯಾಗಿ 17, 17 ಮತ್ತು 16 ಕಿಲೋಗಳ ಮೂರು ಕೊಪ್ಪರಿಗೆ ಎಂದು ಅಡುಗೆ ಭಟ್ಟರೂ ನಾನೂ ನಿಶ್ಚಯಿಸಿದೆವು. ಒಲೆ ಹಚ್ಚಿ ಎಸರು ಕುದಿಸುವುದರಿಂದ ಅನ್ನ ಬಸಿದು ಕೊಡುವವರೆಗೆ ಆ ಗಾತ್ರದ ಕೊಪ್ಪರಿಗೆಗೆ 45 ನಿಮಿಷ ಬೇಕು. ಈ 45 ನಿಮಿಷವನ್ನು ಓದುಗರು ನೆನಪಿನಲ್ಲಿಡಬೇಕು.

ತರಕಾರಿಯಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ಪಟ್ಟಿಯಲ್ಲಿರುವ ತೂಕ ಮಾರುಕಟ್ಟೆಯದೋ, ಹೆಚ್ಚಿದ ಮೇಲಿನದೋ ಎಂಬುದನ್ನು ಬರೆಯದಿರುವುದು. ಪಲ್ಯಕ್ಕಾಗಲಿ ಹುಳಿಗಾಗಲಿ ತಲೆಗೆ 50 ಗ್ರಾಂ ಎಂದು ನಾನು ಹೇಳುವುದು ಹೆಚ್ಚಿ ಬುಟ್ಟಿಗೆ ಹಾಕಿದ ತರಕಾರಿಯ ತೂಕ. 560 ಜನಕ್ಕೆ 28 ಕಿಲೋ. ಹುರುಳಿಕಾಯಿಯಲ್ಲಿ ತೊಟ್ಟು, ನಾರು ಹೋಗಿ ಹತ್ತರಲ್ಲಿ ಒಂಬತ್ತು ಪಾಲು ಉಳಿಯುತ್ತದೆ, ಹಾಗಾಗಿ 31 ಕಿಲೋ ತಂದರೆ ಸಾಕು. ಹುಳಿಯ ಬೂದುಗುಂಬಳದಲ್ಲಿ ಸಿಪ್ಪೆ, ತಿರುಳು, ಬೀಜ ಹೋಗಿ ಹತ್ತರಲ್ಲಿ ಏಳು ಪಾಲು ಮಾತ್ರ ಕೈಗೆ ಬರುತ್ತದೆ, ಅದನ್ನು 40 ಕಿಲೋ ತರಬೇಕು. ಹಿಂದಿನ ರಾತ್ರಿ ಹೆಚ್ಚುವವರು ಕೆಲಸ ಮುಗಿಸಿದ ಮೇಲೆ ಬುಟ್ಟಿಗಳನ್ನು ತಕ್ಕಡಿಗೆ ಇಡಿಸಿದೆ. ಹುರುಳಿಕಾಯಿ ಲೆಕ್ಕಕ್ಕೆ ಸರಿಯಾಗಿತ್ತು. ಬೂದುಗುಂಬಳ 25 ಕಿಲೋ ಮಾತ್ರ ಇತ್ತು. ಕಾಯಿಗಳು ಚೆನ್ನಾಗಿ ಬಲಿತು ನಡುವಿನ ಹತ್ತಿಯಂಥ ತಿರುಳು ದೊಡ್ಡದಾಗಿದ್ದುದರಿಂದ ಮೂರು ಕಿಲೋ ಕಡಿಮೆ ಬಿದ್ದಿತ್ತು. ರಾತ್ರಿಯೇ ತಿಳಿದದ್ದರಿಂದ ಬೆಳಿಗ್ಗೆ ನಾಲ್ಕು ಕಿಲೋ ಸಿಹಿಗುಂಬಳ ಸೇರಿಸಿ ಸರಿಪಡಿಸಿದೆವು. ಹುಳಿ ಕೊಪ್ಪರಿಗೆಯಲ್ಲಿ ಕುದಿಯುವಾಗ ತಿಳಿದಿದ್ದರೆ ನೀರು ಸೇರಿಸುವುದರ ಹೊರತು ಬೇರೆ ದಾರಿ ಇರುತ್ತಿರಲಿಲ್ಲ. ತೊವ್ವೆ, ಹುಳಿ, ಸಾರಿಗೆ ಕೂಡಿ ತೊಗರಿಬೇಳೆ 24 ಕಿಲೋ ಕೊಟ್ಟೆ, ಅದರಲ್ಲಿ ಯಾವ ತೊಂದರೆಯೂ ಬರಲಿಲ್ಲ.

ಎಲೆ ಮತ್ತು ಲೋಟದ ಲೆಕ್ಕವನ್ನು ಒಂದೇ ಗುಣಾಕಾರದಲ್ಲಿ ಮಾಡಬಾರದು. ಒಮ್ಮೆ ಬಳಸಿ ಎಸೆಯುವುದು ಜನದ ಲೆಕ್ಕಕ್ಕೆ ಸೇರುತ್ತದೆ, ತೊಳೆದು ಮತ್ತೆ ಬಳಸುವುದು ಪಂಕ್ತಿಯ ಲೆಕ್ಕಕ್ಕೆ ಸೇರುತ್ತದೆ. ಬಾಳೆಎಲೆ 590ಕ್ಕೆ ನೂರಕ್ಕೆ ಹತ್ತರಂತೆ ಹೆಚ್ಚು ಸೇರಿಸಿ 650 ತರಿಸಿದೆ. ಕಟ್ಟು ಬಿಚ್ಚುವಾಗ ಸೀಳಿದ್ದು, ಬಿಸಿಲಿಗೆ ಬಾಡಿದ್ದು, ಅಂಚು ಕಪ್ಪಾದದ್ದು ಅಷ್ಟಂತೂ ಸಿಗುತ್ತದೆ. ಬೆಳಗಿನ ಉಪಾಹಾರಕ್ಕೆ ಅಡಿಕೆ ಹಾಳೆಯ ತಟ್ಟೆಗಳು ಬೇರೆ ಇದ್ದವು. ಸ್ಟೀಲ್ ಲೋಟ ಮಾತ್ರ 400 ಸಾಕಾಯಿತು: ಒಂದು ಪಂಕ್ತಿಯ 200 ಲೋಟ ಮೇಜಿನ ಮೇಲಿರುವಾಗ ಇನ್ನು 200 ತೊಳೆಯುವ ಕಡೆ ಇರುತ್ತವೆ. ನಿಂತು ಉಣ್ಣುವ ಬಫೆಯಾಗಿದ್ದರೆ ತಟ್ಟೆಯ ಲೆಕ್ಕ ಬೇರೆಯಾಗುತ್ತದೆ. ಅಲ್ಲಿ ಸಿಹಿಗೊಂದು, ಮೊಸರನ್ನಕ್ಕೊಂದು ಎಂದು ಜನ ಎರಡನೇ ತಟ್ಟೆ ಎತ್ತುತ್ತಾರೆ.

ಬಡಿಸುವವರ ಸಂಖ್ಯೆಯೂ ಪಂಕ್ತಿಯ ಲೆಕ್ಕವೇ. ಊಟಕ್ಕೆ 590 ಜನ ಬರಲಿ, 1,200 ಜನ ಬರಲಿ, ಒಂದು ಹೊತ್ತಿಗೆ ಕೂತಿರುವವರು 200. ಅನ್ನದ ಬೇಸಿನ್ನಿನಲ್ಲಿ ಒಬ್ಬ ಮನುಷ್ಯ ಸೊಂಟಕ್ಕೆ ಆನಿಸಿಕೊಂಡು ಬಗ್ಗಿ ಬಗ್ಗಿ ಬಡಿಸಬಹುದಾದದ್ದು ಸುಮಾರು ಆರು ಕಿಲೋ. ಮೊದಲ ಸಲಕ್ಕೆ ಎಲೆಗೆ 120 ಗ್ರಾಂ ಹಾಕಿದರೆ ಆರು ಕಿಲೋ ಸರಿಯಾಗಿ ಐವತ್ತು ಎಲೆಗೆ, ಅಂದರೆ ಒಂದು ಸಾಲಿಗೆ ಬರುತ್ತದೆ. ಆದ್ದರಿಂದ ನಾಲ್ಕು ಸಾಲಿಗೆ ಅನ್ನಕ್ಕೆ ನಾಲ್ವರು. ಅವರ ಬೆನ್ನಿಗೇ ಹುಳಿಯ ಬಕೆಟ್ಟು ಹಿಡಿದ ನಾಲ್ವರು. ತೊವ್ವೆ ತುಪ್ಪಕ್ಕೆ ಇಬ್ಬರು, ಒಬ್ಬಟ್ಟಿಗೆ ಒಬ್ಬ, ನೀರಿಗೆ ಒಬ್ಬ. ಉಪ್ಪು, ಉಪ್ಪಿನಕಾಯಿ, ಕೋಸಂಬರಿ, ಪಲ್ಯ, ಗೊಜ್ಜುಗಳನ್ನು ಜನ ಕೂರುವ ಮೊದಲೇ ಇವರೇ ಎಲೆಯ ಮೇಲೆ ಹಾಕಿರುತ್ತಾರೆ. ಸಾಲಿನಲ್ಲಿ ಹೀಗೆ ಹನ್ನೆರಡು ಜನ. ಇವರಲ್ಲದೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಖಾಲಿ ಬೇಸಿನ್ ತೆಗೆದುಕೊಂಡು ತುಂಬಿದ ಬೇಸಿನ್ ಕೊಡುವ ಇಬ್ಬರು. ಒಟ್ಟು ಹದಿನಾಲ್ಕು. ಎಲೆ ಎತ್ತಿ ಮೇಜು ಒರೆಸುವ ಐವರು ಬೇರೆ.

ಆ ಭಾನುವಾರ ಊರಿನ ಎಲ್ಲ ಮಂಟಪಗಳಲ್ಲೂ ಮದುವೆಯಿತ್ತು. ಬಡಿಸಲು ಹೇಳಿದ್ದ ಹದಿನಾಲ್ವರಲ್ಲಿ ಹನ್ನೊಂದು ಜನ ಮಾತ್ರ ಬಂದರು. ಆಗ ನಾನೊಂದು ತಪ್ಪು ಮಾಡಿದೆ. ಸಾಲುಗಳು ತುಂಬಿರುವಂತೆ ಕಾಣಬೇಕು ಎಂಬ ಆತುರದಲ್ಲಿ ಬಾಗಿಲಲ್ಲಿ ನಿಲ್ಲಬೇಕಾದ ಇಬ್ಬರನ್ನೂ ಒಳಗೆ ಕಳುಹಿಸಿ, ಹುಳಿಗೆ ನಾಲ್ವರ ಬದಲು ಮೂವರನ್ನು ಬಿಟ್ಟೆ. ಬೇಸಿನ್ ಖಾಲಿಯಾದವರು ತಾವೇ ಅಡುಗೆಮನೆಗೆ ಹೋಗಿ ತುಂಬಿಕೊಂಡು ಬರಲಿ ಎಂದುಕೊಂಡೆ.

ಮೊದಲ ಪಂಕ್ತಿ ಹನ್ನೆರಡೂ ಕಾಲಕ್ಕೆ ಕೂತಿತು. ಅನ್ನದವರು ಮೊದಲ ಸುತ್ತಿನಲ್ಲೇ ಎರಡು ಸೌಟು ಒತ್ತಿ ಹಾಕತೊಡಗಿದರು. ಅದರಲ್ಲಿ ಅವರ ದೋಷವಿಲ್ಲ. ಮತ್ತೆ ಅಡುಗೆಮನೆಯವರೆಗೆ ನಡೆದು ಬರುವುದನ್ನು ತಪ್ಪಿಸಿಕೊಳ್ಳಲು ಯಾರಾದರೂ ಹಾಗೆಯೇ ಮಾಡುತ್ತಾರೆ. ಆದರೆ ಎಲೆಗೆ 120 ಗ್ರಾಂ ಬೀಳಬೇಕಾದ ಕಡೆ 180 ಗ್ರಾಂ ಬಿದ್ದಾಗ ಆರು ಕಿಲೋದ ಬೇಸಿನ್ ಮೂವತ್ತಮೂರನೇ ಎಲೆಗೇ ಬರಿದಾಗುತ್ತದೆ. ಬಡಿಸುವವನು ಸಾಲಿನ ನಡುವೆ ನಿಲ್ಲಿಸಿ ಹಿಂದಿರುಗುತ್ತಾನೆ. ಮುಂದಿನ ಹದಿನೇಳು ಜನ ಬರಿಯ ಎಲೆ ನೋಡುತ್ತ ಕೂರುತ್ತಾರೆ, ಹಿಂದಿನ ಮೂವತ್ತಮೂರು ಜನ ಹುಳಿ ಬಾರದೆ ಒಣಗುತ್ತಿರುವ ಅನ್ನದ ಗುಡ್ಡೆ ನೋಡುತ್ತ ಕೂರುತ್ತಾರೆ. ಬಾಗಿಲಲ್ಲಿ ಬೇಸಿನ್ ತುಂಬಿಕೊಡುವವರಿದ್ದಿದ್ದರೆ ಅರ್ಧ ನಿಮಿಷದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ನಾಲ್ಕೈದು ನಿಮಿಷ ಹಿಡಿಯುತ್ತಿತ್ತು.

ಎಲೆ ಎತ್ತುವಾಗ ನಾನು ಎರಡನೇ ಸಾಲಿನ ಕೊನೆಯಲ್ಲಿ ನಿಂತಿದ್ದೆ. ಮಡಿಸಿದ ಎಲೆಗಳ ಒಳಗೆ ಬಿಳಿ ಅನ್ನ ಹಿಡಿಹಿಡಿ ಉಳಿದಿತ್ತು. ಐವತ್ತು ಎಲೆಯ ಆ ಸಾಲಿನಲ್ಲಿ ಹಾಗೆ ಉಳಿದವು ಮೂವತ್ತರಷ್ಟು. ಸಾಮಾನ್ಯವಾಗಿ ಹತ್ತು ಎಲೆ ದಾಟುವುದಿಲ್ಲ. ಎಲೆಯಲ್ಲಿ ಉಳಿದದ್ದು ಏನು ಎಂಬುದರಿಂದ ಕಾರಣ ತಿಳಿಯುತ್ತದೆ. ಹುಳಿ ಕಲಸಿದ ಅನ್ನ ಉಳಿದಿದ್ದರೆ ರುಚಿ ಹಿಡಿಸಿಲ್ಲ ಅಥವಾ ಬಾತು, ಸಿಹಿಗಳಲ್ಲೇ ಹೊಟ್ಟೆ ತುಂಬಿದೆ. ಏನೂ ಉಳಿಯದೆ ಅನ್ನ ಬೇಗ ಮುಗಿದಿದ್ದರೆ ಬೇಯಿಸಿದ್ದೇ ಕಡಿಮೆ. ಕಲಸದ, ಒಣಗಿದ ಬಿಳಿ ಅನ್ನ ಉಳಿದಿದ್ದರೆ ಅನ್ನ ಬಂದಾಗ ಹುಳಿ ಬರಲಿಲ್ಲ ಎಂದೇ ಅರ್ಥ, ಅಂದರೆ ಬಡಿಸುವವರು ಸಾಲದು. ಆ ಹೊತ್ತಿಗೆ ನನಗೆ ಇದು ಕಣ್ಣಿಗೆ ಬಿತ್ತು, ಆದರೆ ಎರಡನೇ ಪಂಕ್ತಿಯವರು ಕುರ್ಚಿಗಳ ಹಿಂದೆ ಬಂದು ನಿಂತಿದ್ದರು, ನಾನು ಏನನ್ನೂ ಬದಲಿಸದೆ ಎಲೆ ಹಾಕಿಸಿದೆ. ಬಾಗಿಲಿನ ಜಾಗವನ್ನು ಬಿಟ್ಟುಕೊಟ್ಟದ್ದಕ್ಕಿಂತ ಇದು ದೊಡ್ಡ ತಪ್ಪು ಎಂದು ಈಗ ಅನ್ನಿಸುತ್ತದೆ, ಏಕೆಂದರೆ ಈ ಸಲ ಕಾರಣ ಕಣ್ಣೆದುರಿಗೇ ಇತ್ತು.

ಎರಡನೇ ಪಂಕ್ತಿಯ ಸಾರಿನ ಹೊತ್ತಿಗೆ ಭಟ್ಟರು ನನ್ನನ್ನು ಒಳಗೆ ಕರೆದರು. ಮೂರನೇ ಪಂಕ್ತಿಗೆಂದು ಬಸಿದಿಟ್ಟಿದ್ದ ಬುಟ್ಟಿಯ ಮೇಲಿನ ಬಟ್ಟೆ ಆಗಲೇ ಸರಿದಿತ್ತು.

“ಇದರಿಂದ ಯಾರು ತೆಗೆದರು ಭಟ್ರೇ?” ಎಂದೆ.

“ತೆಗೀದೇ ಏನ್ ಮಾಡೋದು ಸ್ವಾಮಿ, ಅಲ್ಲಿ ಜನ ಎಲೆ ಮುಂದೆ ಕೂತವ್ರೆ. ಮೊದಲನೇದಕ್ಕೂ ಹೆಚ್ಚು ಹೋಯ್ತು, ಇದಕ್ಕೂ ಹೋಗ್ತಾ ಇದೆ. ಮೂರನೇದಕ್ಕೆ ಇದು ಒಂದು ಸುತ್ತು ಬಂದ್ರೆ ಹೆಚ್ಚು” ಎಂದರು ಅವರು.

ಅವರ ಅಂದಾಜು ಗ್ರಾಂ ತಪ್ಪದೆ ಇತ್ತು. 17 ಕಿಲೋ ಅಕ್ಕಿಯ ಅನ್ನ 47 ಕಿಲೋ ಆಗಬೇಕು, ಪಂಕ್ತಿಗೆ ಅಷ್ಟೇ ಸಾಕಾಗಬೇಕು. ಆದರೆ ಮೊದಲ ಸುತ್ತಿನಲ್ಲೇ 200 ಎಲೆಗೆ 180 ಗ್ರಾಂನಂತೆ 36 ಕಿಲೋ ಹೋಗಿತ್ತು. ಸಾರಿಗೂ ಮೊಸರಿಗೂ ಜನ ಬಿಸಿ ಅನ್ನ ಕೇಳಿಯೇ ಕೇಳುತ್ತಾರೆ, ಅದಕ್ಕೆ ಇನ್ನೊಂದು ಇಪ್ಪತ್ತು ಕಿಲೋ. ಒಂದೊಂದು ಪಂಕ್ತಿಯಲ್ಲಿ ಒಂಬತ್ತು ಕಿಲೋ ಅನ್ನ ಹೆಚ್ಚಾಗಿ ಹೋಗಿ, ಅದರ ಬಹುಪಾಲು ಎಲೆಯ ಜೊತೆ ಡ್ರಮ್ಮಿಗೆ ಬಿದ್ದಿತ್ತು. ಮೂರನೇ ಕೊಪ್ಪರಿಗೆಯ 44 ಕಿಲೋದಲ್ಲಿ ಉಳಿಯುವುದು ಸುಮಾರು 25 ಕಿಲೋ ಮಾತ್ರ. ಕಾಯುತ್ತಿದ್ದವರು ಇನ್ನೂ ಇನ್ನೂರು ಜನ.

ಉಗ್ರಾಣದ 8 ಕಿಲೋ ಅಕ್ಕಿಗೆ ಆಗಲೇ ಎಸರಿಡಿಸಿದೆ. ಚಿಕ್ಕ ಪಾತ್ರೆಯಾದ್ದರಿಂದ ಮೂವತ್ತು ನಿಮಿಷದಲ್ಲಿ 22 ಕಿಲೋ ಅನ್ನ ಸಿಗುತ್ತದೆ. ಮನೆಯವರಿಗೆ ವಿಷಯ ಮುಚ್ಚಿಡದೆ ವಧುವಿನ ಸೋದರಮಾವನವರ ಬಳಿ ಹೋಗಿ, “ಯಜಮಾನ್ರೇ, ಮೂರನೇ ಪಂಕ್ತಿ ಇಪ್ಪತ್ತು ನಿಮಿಷ ತಡ ಆಗುತ್ತೆ. ನಮಗೆ ಮೂರು ಜನ ಹುಡುಗರು ಬೇಕು” ಎಂದು ಕೇಳಿದೆ. ಅವರು ಒಂದು ಮಾತೂ ಆಡದೆ ತಮ್ಮ ಮನೆಯ ಮೂವರು ಹುಡುಗರನ್ನು ಕರೆದರು. ಹುಡುಗರು ಪಂಚೆ ಎತ್ತಿ ಕಟ್ಟಿ, ಕೈ ತೊಳೆದು ಬಂದು ನಿಂತರು. ಇಬ್ಬರನ್ನು ಬಾಗಿಲಲ್ಲಿ ನಿಲ್ಲಿಸಿದೆ, ಒಬ್ಬನಿಗೆ ಹುಳಿಯ ನಾಲ್ಕನೇ ಬಕೆಟ್ಟು ಕೊಟ್ಟೆ. ಅನ್ನ ಬೇಯುವವರೆಗೆ ಎಲೆ ಹಾಕಿಸಲಿಲ್ಲ. ಎಲೆಯ ಮುಂದೆ ಕೂರಿಸಿ ಕಾಯಿಸುವುದಕ್ಕಿಂತ ಹೊರಗಿನ ಚಪ್ಪರದಲ್ಲಿ ಮಜ್ಜಿಗೆ ಕೊಟ್ಟು ಕಾಯಿಸುವುದು ಮೇಲು. ಅನ್ನದವರಿಗೆ ಹೇಳಿದ್ದು ಒಂದೇ ಮಾತು: ಒಂದೇ ಸೌಟು, ಕೇಳಿದವರಿಗೆ ಮತ್ತೆ.

ಮೂರನೇ ಪಂಕ್ತಿಯಲ್ಲಿ 170 ಜನ ಕೂತರು. ಆಮೇಲೆ ವಾದ್ಯದವರು, ಚಾಲಕರು ಮತ್ತು ಮನೆಯವರು ಸೇರಿ 42 ಎಲೆಯ ಕಿರುಪಂಕ್ತಿ. ಆ 212 ಎಲೆಗಳೂ 47 ಕಿಲೋ ಅನ್ನದಲ್ಲಿ ಮುಗಿದವು, ಅಂದರೆ ಎಲೆಗೆ 222 ಗ್ರಾಂ. ಇನ್ನೂ ಬೇಕೆಂದವರಿಗೆ ಇಲ್ಲವೆನ್ನುವ ಪ್ರಸಂಗ ಬರಲಿಲ್ಲ. ಅನ್ನದ ಬೆನ್ನಿಗೇ ಹುಳಿ ಬಂದದ್ದರಿಂದ ಎಲೆಗಳಲ್ಲಿ ಬಿಳಿ ಅನ್ನ ಕಾಣಲಿಲ್ಲ. ಒಟ್ಟು ಬಿದ್ದ ಎಲೆ 612, ನಾನು ಹಿಡಿದದ್ದಕ್ಕಿಂತ 22 ಹೆಚ್ಚು. ಆ ಇಪ್ಪತ್ತೆರಡು ಜನರ ಅನ್ನಕ್ಕೆ ಎರಡು ಕಿಲೋ ಅಕ್ಕಿ ಸಾಕಾಗುತ್ತಿತ್ತು, ಮೀಸಲಿನ ಎಂಟು ಕಿಲೋ ಅದನ್ನು ಸುಲಭವಾಗಿ ತಾಳಿಕೊಳ್ಳುತ್ತಿತ್ತು. ಮೀಸಲನ್ನು ತಿಂದದ್ದು ಬಾರದೆ ಹೋದ ಮೂವರು ಬಡಿಸುವವರು. ಅವರ ಕೊರತೆಗೆ ನಾವು ತೆತ್ತದ್ದು ಏಳು ಕಿಲೋ ಅಕ್ಕಿ ಮತ್ತು ಇನ್ನೂರು ಜನರ ಇಪ್ಪತ್ತು ನಿಮಿಷ.

ಸಂಜೆ ಪಾತ್ರೆ ತೊಳೆಯುವ ಸದ್ದಿನ ನಡುವೆ ಭಟ್ಟರು ಮುಂದಿನ ಸಲ ತಲೆಗೆ ನೂರು ಗ್ರಾಂ ಬಿಳಿ ಅನ್ನದ ಅಕ್ಕಿ ಹಿಡಿಯೋಣ ಎಂದರು. ನಾನು ಒಪ್ಪಲಿಲ್ಲ. ಅಕ್ಕಿ ಹೆಚ್ಚಿಸಿದ್ದರೆ ಡ್ರಮ್ಮಿಗೆ ಬೀಳುವ ಅನ್ನ ಹೆಚ್ಚಾಗುತ್ತಿತ್ತೇ ಹೊರತು ಹುಳಿ ಬೇಗ ಬರುತ್ತಿರಲಿಲ್ಲ. 90 ಗ್ರಾಂ ಹಾಗೆಯೇ ಇರಲಿ ಎಂದು ಕೊನೆಗೆ ಇಬ್ಬರೂ ಒಪ್ಪಿದೆವು. ಪಟ್ಟಿಯಲ್ಲಿ ಬದಲಾದದ್ದು ಮೂರು ಕಡೆ. ಮುಹೂರ್ತಗಳು ಹೆಚ್ಚಿರುವ ದಿನ 200 ಎಲೆಯ ಪಂಕ್ತಿಗೆ ಹದಿನಾರು ಜನರಿಗೆ ಹೇಳುವುದು ಮತ್ತು ಹಿಂದಿನ ಸಂಜೆ ಒಬ್ಬೊಬ್ಬರಿಗೂ ಫೋನ್ ಮಾಡಿ ಹೆಸರಿನ ಮುಂದೆ ಗುರುತು ಹಾಕುವುದು. ಎಷ್ಟೇ ಕಡಿಮೆ ಜನ ಬಂದರೂ ಬಾಗಿಲಿನ ಇಬ್ಬರನ್ನು ಕದಲಿಸದಿರುವುದು, ಬೇಕಾದರೆ ಒಂದು ಸಾಲನ್ನು ಖಾಲಿ ಬಿಟ್ಟು 150 ಎಲೆಯ ಪಂಕ್ತಿ ಹಾಕುವುದು. ಮೊದಲ ಪಂಕ್ತಿಯ ಎಲೆ ಎತ್ತುವಾಗ ಒಂದು ಸಾಲಿನಲ್ಲಿ ಬಿಳಿ ಅನ್ನ ಉಳಿದ ಎಲೆಗಳನ್ನು ಎಣಿಸಿ, ಅವು ಹದಿನೈದು ದಾಟಿದರೆ ಎರಡನೇ ಪಂಕ್ತಿ ಕೂರಿಸುವ ಮೊದಲು ಬಡಿಸುವವರನ್ನು ಮರುಹಂಚುವುದು ಮತ್ತು ಮೀಸಲು ಅಕ್ಕಿಗೆ ಆಗಲೇ ಎಸರಿಡುವುದು. ಎರಡನೇ ಪಂಕ್ತಿ ಉಂಡು ಏಳಲು ಹಿಡಿಯುವುದೂ ಹೆಚ್ಚುಕಡಿಮೆ ಅದೇ 45 ನಿಮಿಷ.